ಎದೆಬಡಿತಕ್ಕೆ ಹೆದರುವವರಿಗೆ ಬಾಡಿ ಸ್ಕ್ಯಾನ್

ದೇಹದ ಒಂದೊಂದೇ ಭಾಗಕ್ಕೆ ಗಮನ ಕೊಟ್ಟು, ಅಲ್ಲಿ ಏನು ಅನಿಸುತ್ತಿದೆ ಎಂದು ನೋಡುತ್ತ ಸಾಗುವ ಧ್ಯಾನವೇ ಬಾಡಿ ಸ್ಕ್ಯಾನ್. ಅಮೆರಿಕದ ಜಾನ್ ಕಬಟ್-ಜಿನ್ 1979ರಲ್ಲಿ ಆರಂಭಿಸಿದ ತರಬೇತಿಯಲ್ಲಿ ಇದನ್ನು ಮಲಗಿಕೊಂಡು ಸುಮಾರು 45 ನಿಮಿಷ ಮಾಡಿಸುತ್ತಾರೆ. ಆತಂಕವುಳ್ಳವರಿಗೆ ಆರಂಭದಲ್ಲೇ ಅಷ್ಟು ಹೊತ್ತು ಕಷ್ಟವಾಗಬಹುದು.

ಪರೀಕ್ಷೆಯ ಹಿಂದಿನ ರಾತ್ರಿ ವಿದ್ಯಾರ್ಥಿನಿಯೊಬ್ಬಳ ಎದೆ ಜೋರಾಗಿ ಬಡಿದುಕೊಳ್ಳುತ್ತಿದೆ ಎನ್ನೋಣ. ಆ ಬಡಿತಕ್ಕೇ ಹೆದರಿದರೆ ದೇಹದಲ್ಲಿ ಅಡ್ರಿನಲಿನ್ ಹೆಚ್ಚಿ ಬಡಿತ ಇನ್ನಷ್ಟು ಜೋರಾಗುತ್ತದೆ. ಆದ್ದರಿಂದ ಅವಳು ಎದೆಯಿಂದ ಆರಂಭಿಸಬಾರದು. ಕುರ್ಚಿಯಲ್ಲಿ ಕುಳಿತು, ಕಣ್ಣು ತೆರೆದೇ, ಪಾದಗಳನ್ನು ಗಮನಿಸಲಿ: ನೆಲ ತಣ್ಣಗಿದೆಯೇ, ಭಾರ ಹಿಮ್ಮಡಿಯ ಮೇಲಿದೆಯೇ? ಬಳಿಕ ತೊಡೆ, ಅಂಗೈ. ಐದು ನಿಮಿಷ ಸಾಕು.

ಏನೂ ಅನಿಸದಿದ್ದರೆ ಅದೂ ಒಂದು ಉತ್ತರವೇ. ಪಾದವನ್ನು ನೆಲಕ್ಕೆ ಒತ್ತಿ, ಸಡಿಲಿಸಿ, ವ್ಯತ್ಯಾಸ ನೋಡಬಹುದು.

ಕೆಲವು ದಿನಗಳ ನಂತರ ಎರಡು ಉಸಿರಿನಷ್ಟು ಹೊತ್ತು ಎದೆಯನ್ನು ಗಮನಿಸಿ ಪಾದಕ್ಕೆ ಮರಳಲಿ. ಬಡಿತವಿದ್ದರೂ ಅಪಾಯವಾಗಲಿಲ್ಲ ಎಂಬುದು ಹೀಗೆ ಅನುಭವಕ್ಕೆ ಬರುತ್ತದೆ. ‘ಇನ್ನೂ ನಿಂತಿಲ್ಲವೇ?’ ಎಂದು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದರೆ ಅದು ಧ್ಯಾನವಲ್ಲ, ಕಾವಲು.

ದೇಹವೇ ತನ್ನದಲ್ಲ ಎನಿಸಿದರೆ ಅಥವಾ ಹಳೆಯ ಆಘಾತ ಕಣ್ಣಮುಂದೆ ಬಂದರೆ ಕೂಡಲೇ ನಿಲ್ಲಿಸಿ, ಸುತ್ತಲಿನ ವಸ್ತುಗಳನ್ನು ಹೆಸರಿಸಿ, ಆಪ್ತಸಮಾಲೋಚಕರನ್ನು ಕಾಣಿರಿ. ಎದೆನೋವು, ಮೂರ್ಛೆ ಇದ್ದರೆ ಮೊದಲು ವೈದ್ಯರ ಬಳಿ ಹೋಗಿರಿ.