ಫೋಟೋ ಹೇಳದ್ದನ್ನು ಪೋಸ್ಟ್ ಹೇಳಬೇಕು

ನನ್ನ ನಾದಿನಿ ಮೈಸೂರಿನ ಕುವೆಂಪುನಗರದ ಮನೆಯಲ್ಲೇ ಕೇಕ್ ಮಾಡಿ ಮಾರಲು ಹೊರಟಾಗ, ಇನ್‌ಸ್ಟಾಗ್ರಾಂಗೆ ಮೊದಲ ಪೋಸ್ಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಕಳಿಸಿದ್ದು ಒಂದೇ ಫೋಟೋ. ಕಿಟಕಿ ಪಕ್ಕದ ಮೇಜಿನ ಮೇಲೆ ಪೈನಾಪಲ್ ಕೇಕ್, ಚಾಕೊಲೇಟ್ ಟ್ರಫಲ್, ಪಕ್ಕದಲ್ಲಿ ಒಂದು ಕಂದು ಲೋಫ್. "ಚೆನ್ನಾಗಿ ಬರೀರಿ ಅತ್ತಿಗೆ" ಎಂದಳು, ಅಷ್ಟೇ.

ಬಾಯಲ್ಲಿ ನೀರೂರಿಸುವ ಕೆಲಸವನ್ನು ಫೋಟೋನೇ ಮಾಡುತ್ತಿತ್ತು. ಹಾಗಾಗಿ ಅದರಲ್ಲಿ ಕಾಣದ್ದನ್ನು ಒಂದೊಂದಾಗಿ ಕೇಳುತ್ತಾ ಹೋದೆ. ಮೊದಲನೆಯದು ಮೊಟ್ಟೆ. ಪೈನಾಪಲ್ ಕೇಕಿಗೆ ಮೊಟ್ಟೆ ಇಲ್ಲ, ಮೊಸರು ಮತ್ತು ಅಡುಗೆ ಸೋಡಾದಿಂದ ಉಬ್ಬಿಸಿದ್ದು. ಟ್ರಫಲ್‌ಗೆ ಮೊಟ್ಟೆ ಇದೆ. ಎರಡೂ ಬೇಯುವುದು ಒಂದೇ ಓವನ್‌ನಲ್ಲಿ. ನಮ್ಮ ಊರಿನಲ್ಲಿ ಬಹಳ ಮನೆಗಳಿಗೆ ಇದು ರುಚಿಗಿಂತ ಮುಂಚಿನ ಪ್ರಶ್ನೆ.

ಎರಡನೆಯದು ಅಳತೆ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಅರ್ಧ ಕೆಜಿ ಕೇಕೂ ಒಂದು ಕೆಜಿಯಂತೆ ಕಾಣುತ್ತದೆ. ಆಮೇಲೆ "ಫೋಟೋದಲ್ಲಿ ದೊಡ್ಡದಿತ್ತಲ್ಲ" ಎಂಬ ಮಾತು ಬರುತ್ತದೆ. ಅದಕ್ಕೆ ತೂಕವನ್ನೂ ಎಷ್ಟು ಜನಕ್ಕೆ ಸಾಲುತ್ತದೆ ಎಂಬುದನ್ನೂ ಬರೆದೆವು.

ಮೂರನೆಯದು ಕ್ರೀಮು. ಹಾಲಿನ ಕೆನೆಯೂ ಸಸ್ಯಜನ್ಯ ಕೊಬ್ಬಿನ ವಿಪ್ಪಿಂಗ್ ಕ್ರೀಮೂ ಫೋಟೋದಲ್ಲಿ ಒಂದೇ ಥರ ಬೆಳ್ಳಗಿರುತ್ತವೆ. ಸೆಕೆಗೆ ಬೇಗ ಕರಗದೆಂದು ಅವಳು ಬಳಸಿದ್ದು ಎರಡನೆಯದನ್ನು. ಅದನ್ನು 'ಫ್ರೆಶ್ ಕ್ರೀಮ್' ಎಂದು ಕರೆದರೆ ಗಿರಾಕಿ ಹಾಲಿನದೆಂದೇ ತಿಳಿಯುತ್ತಾರೆ. ಲೋಫಿನೊಳಗಿನ ಆಕ್ರೋಟೂ ಹೊರಗೆ ಕಾಣುತ್ತಿರಲಿಲ್ಲ. ಅಲರ್ಜಿ ಇರುವವರಿಗೆ ಅದು ಮೊದಲೇ ಗೊತ್ತಾಗಬೇಕು.

ಇನ್‌ಸ್ಟಾಗ್ರಾಂನಲ್ಲಿ ಒತ್ತಿ ತೆರೆಯುವ ಮೊದಲು ಕಾಣುವುದು ಆರಂಭದ ಒಂದೆರಡು ಸಾಲು ಮಾತ್ರ. ಅದಕ್ಕೆ ಬಡಾವಣೆ ಮತ್ತು ತಿಂಡಿಯ ಹೆಸರು ಮೇಲೆ ಬಂದವು:

"ಕುವೆಂಪುನಗರದಲ್ಲಿ ಮನೆಯಲ್ಲೇ ಮಾಡಿದ ಕೇಕ್, ಈಗ ಆರ್ಡರ್‌ಗೆ. ಪೈನಾಪಲ್ (ಮೊಟ್ಟೆ ಇಲ್ಲ, ವಿಪ್ಪಿಂಗ್ ಕ್ರೀಮ್), ಅರ್ಧ ಕೆಜಿ, ಐದಾರು ಜನಕ್ಕೆ, ₹450. ಚಾಕೊಲೇಟ್ ಟ್ರಫಲ್ (ಮೊಟ್ಟೆ ಇದೆ), ಅರ್ಧ ಕೆಜಿ, ₹550. ಖರ್ಜೂರ-ಆಕ್ರೋಟ್ ಲೋಫ್ (ಮೊಟ್ಟೆ ಇದೆ), ₹300. ಎಲ್ಲವೂ ಒಂದೇ ಓವನ್‌ನಲ್ಲಿ ಬೇಯುತ್ತವೆ. ಎರಡು ದಿನ ಮೊದಲು ಹೇಳಿ. ಮನೆಗೆ ಬಂದು ಒಯ್ಯಬೇಕು."

ಕೊನೆಯ ಸಾಲಿನಲ್ಲಿ ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಗಳ ಸಂಖ್ಯೆ. ಅದು ಕೈಗೆ ಬರುವವರೆಗೆ ಪೋಸ್ಟ್ ಹಾಕಲಿಲ್ಲ, ಏಕೆಂದರೆ ಮನೆಯಡುಗೆಯಾದರೂ ಮಾರುವ ಮುನ್ನ ನೋಂದಣಿ ಆಗಿರಬೇಕು. ಮನೆಯ ಬಾಗಿಲ ನಂಬರನ್ನು ಪೋಸ್ಟಿನಲ್ಲಿ ಹಾಕದೆ, ಆರ್ಡರ್ ಕೊಟ್ಟವರಿಗೆ ಮಾತ್ರ ಕಳಿಸಿದೆವು.

ಬೆಲೆ ಬರೆದದ್ದರಿಂದ "ಎಷ್ಟು?" ಎಂದು ಕೇಳುವವರು ಕಡಿಮೆಯಾದರು. ಬಂದವರು ನೇರವಾಗಿ ತಾರೀಖನ್ನೇ ಕೇಳಿದರು. ನೀವೂ ಇಂಥ ಪೋಸ್ಟ್ ಬರೆಯುವಿರಾದರೆ, ಫೋಟೋ ನೋಡುತ್ತಾ ಬರೆಯಲು ಕೂರುವ ಮೊದಲು ಕೇಕ್ ಮಾಡಿದವರನ್ನು ಕೂರಿಸಿಕೊಂಡು ವಿಚಾರಿಸಿ.