ಕಂಪನಿ ಹೆಸರಿಲ್ಲದ ಜಾಹೀರಾತು

ಹೈದರಾಬಾದಿನ ಅಬಿಡ್ಸ್‌ನ ಬಟ್ಟೆ ಅಂಗಡಿಯಲ್ಲಿ ನಾಲ್ಕು ವರ್ಷ ಲೆಕ್ಕ ಬರೆದವರು ನೀವು. ಏಜೆನ್ಸಿಯ ಜಾಹೀರಾತಿನಲ್ಲಿ ‘ಪ್ರತಿಷ್ಠಿತ ಎಂಎನ್‌ಸಿ’ ಎಂದಷ್ಟೇ ಇರುವುದರಿಂದ ಅರ್ಜಿ ಹಾಕಲೋ ಬೇಡವೋ ಎಂದು ಕೇಳಿದ್ದೀರಿ.

‘ಉತ್ತಮ ಸಂವಹನ’, ‘ತಂಡದ ಮನೋಭಾವ’ ಮುಂತಾದವನ್ನು ಬಿಟ್ಟುಬಿಡಿ, ಎಲ್ಲ ಜಾಹೀರಾತಿನಲ್ಲೂ ಇರುವ ಮಾತುಗಳವು. ಬೇರೆಲ್ಲೂ ಕಾಣದ ವಿವರಗಳನ್ನು ನೋಡಿ: ರಾತ್ರಿ ಪಾಳಿ, ಕ್ಯಾಬ್, ‘ತ್ರೀ-ವೇ ಮ್ಯಾಚ್’, ಎಸ್‌ಎಪಿ. ಹೀಗಿದ್ದರೆ ಅದು ಬಹುಶಃ ಹೈಟೆಕ್ ಸಿಟಿ ಕಡೆ ಅಮೆರಿಕದ ಬಿಲ್ಲುಗಳನ್ನು ನೋಡಿಕೊಳ್ಳುವ ಕಚೇರಿ. ಖರೀದಿ ಆದೇಶ, ಮಾಲು ಬಂದ ರಸೀದಿ, ಸರಬರಾಜುದಾರರ ಬಿಲ್ಲು, ಈ ಮೂರನ್ನೂ ತಾಳೆ ನೋಡುವುದೇ ತ್ರೀ-ವೇ ಮ್ಯಾಚ್. ಅಂಗಡಿಯಲ್ಲಿ ನೀವು ಮಾಡಿದ್ದೂ ಅದನ್ನೇ. ರೆಸ್ಯೂಮೆಯಲ್ಲಿ ಬರೀ ‘ಟ್ಯಾಲಿ ಬಲ್ಲೆ’ ಎನ್ನದೆ, ತಿಂಗಳಿಗೆ ಎಷ್ಟು ಬಿಲ್ಲು ತಾಳೆ ನೋಡಿದಿರಿ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಎಸ್‌ಎಪಿ ಬರದಿದ್ದರೆ ಬರುತ್ತದೆನ್ನಬೇಡಿ. ಅದು ಕಡ್ಡಾಯವೇ, ಸೇರಿದ ಮೇಲೆ ಕಲಿಸುತ್ತಾರೆಯೇ ಎಂದು ಫೋನಿನಲ್ಲಿ ಕೇಳಿ.

ಜಾಹೀರಾತಿನ ಇಂಥ ವಿಶಿಷ್ಟ ಸಾಲೊಂದನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಇಂಟರ್ನೆಟ್ಟಿನಲ್ಲಿ ಹುಡುಕಿ. ಏಜೆನ್ಸಿಯವರು ಗ್ರಾಹಕರ ಬರಹವನ್ನು ಹಾಗೇ ನಕಲು ಮಾಡಿದ್ದರೆ ಕಂಪನಿಯ ಮೂಲ ಜಾಹೀರಾತೇ ಸಿಗಬಹುದು.

ಏಜೆನ್ಸಿಯವರು ಕಂಪನಿಯ ಹೆಸರು ಹೇಳುವವರೆಗೆ ರೆಸ್ಯೂಮೆ ಕಳಿಸಲು ಒಪ್ಪಿಗೆ ಕೊಡಬೇಡಿ. ಒಂದೇ ಕಂಪನಿಗೆ ಇಬ್ಬರು ಏಜೆಂಟರಿಂದ ನಿಮ್ಮ ಹೆಸರು ಹೋದರೆ, ಕಮಿಷನ್ ಜಗಳ ಯಾಕೆಂದು ಎರಡೂ ಅರ್ಜಿಗಳನ್ನು ಕಂಪನಿಯವರು ಬದಿಗಿಡುವುದುಂಟು. ಸಂಬಳ ಯಾರ ಪೇರೋಲಿನಿಂದ, ಕಂಪನಿಯದೋ ಏಜೆನ್ಸಿಯದೋ, ಎಂಬುದನ್ನೂ ಆಗಲೇ ಕೇಳಿ.