ರೋಧ ಹೆಚ್ಚಾದಷ್ಟೂ ಸರ್ಕ್ಯೂಟ್ ಬೇಗ ಶಾಂತವಾಗಬೇಕಲ್ಲವೇ?

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿ. ಸರಣಿ ಆರ್‌ಎಲ್‌ಸಿ ಸರ್ಕ್ಯೂಟಿನಲ್ಲಿ ಶಕ್ತಿಯನ್ನು ಶಾಖವಾಗಿ ಕಳೆಯುವುದು ರೋಧ ಮಾತ್ರ. ಹಾಗಿದ್ದರೆ ರೋಧ ಹೆಚ್ಚಿಸಿದಷ್ಟೂ ಸರ್ಕ್ಯೂಟ್ ಬೇಗ ಶಾಂತವಾಗಬೇಕು. ಆದರೆ ಓವರ್‌ಡ್ಯಾಂಪ್ಡ್ ಸ್ಥಿತಿ ಕ್ರಿಟಿಕಲ್‌ಗಿಂತ ನಿಧಾನ ಎನ್ನುತ್ತದೆ ಪುಸ್ತಕ. ಯಾಕೆ? ಲ್ಯಾಬ್‌ನಲ್ಲಿ ನಮಗೆ ಸಿಗುವ ಕ್ರಿಟಿಕಲ್ ರೋಧ ಲೆಕ್ಕಕ್ಕಿಂತ ಕಡಿಮೆ ಬರುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಶಕ್ತಿ ಕಳೆಯುವುದು ರೋಧದಲ್ಲೇ ಎಂಬ ನಿಮ್ಮ ಮಾತು ಸರಿ. ಆದರೆ ಎಷ್ಟು ವೇಗವಾಗಿ ಕಳೆಯುತ್ತದೆ ಎಂಬುದನ್ನು ರೋಧ ಒಂದೇ ತೀರ್ಮಾನಿಸುವುದಿಲ್ಲ. ಅದು I²R, ಅದರಲ್ಲಿ ಕರೆಂಟೂ ಇದೆ, ವರ್ಗವಾಗಿ ಇದೆ. ರೋಧ ವಿಪರೀತ ಹೆಚ್ಚಿದರೆ ಅದು ಕರೆಂಟನ್ನೇ ಅದುಮಿಬಿಡುತ್ತದೆ. ಹರಿಯಲು ಕರೆಂಟೇ ಇಲ್ಲದಿದ್ದರೆ ಶಾಖ ಎಲ್ಲಿಂದ ಬರಬೇಕು? ನಿಮ್ಮ ಗೊಂದಲದ ಗಂಟು ಇರುವುದು ಇಲ್ಲಿ. ಒಂದು ಸರ್ಕ್ಯೂಟ್ ಹಿಡಿದು ಲೆಕ್ಕ ಮಾಡಿ ನೋಡೋಣ.

10 ಮಿಲಿಹೆನ್ರಿಯ ಇಂಡಕ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ತೆಗೆದುಕೊಳ್ಳಿ. ಕೆಪಾಸಿಟರನ್ನು 10 ವೋಲ್ಟ್‌ಗೆ ಚಾರ್ಜ್ ಮಾಡಿ, ಇಂಡಕ್ಟರ್ ಮತ್ತು ರೆಸಿಸ್ಟರ್ ಮೂಲಕ ಖಾಲಿಯಾಗಲು ಬಿಡಿ. ಕಳೆಯಬೇಕಾದ ಶಕ್ತಿ 50 ಮೈಕ್ರೋಜೂಲ್. ಕೆಪಾಸಿಟರಿನ ಚಾರ್ಜ್ q ಈ ಸಮೀಕರಣವನ್ನು ಪಾಲಿಸುತ್ತದೆ:

L q″ + R q′ + q/C = 0

ಇದರ ಎರಡು ಮೂಲಗಳು ಸಂಕೀರ್ಣ ಸಂಖ್ಯೆಗಳಾದರೆ ಆಂದೋಲನ, ವಾಸ್ತವ ಸಂಖ್ಯೆಗಳಾದರೆ ಬರೀ ಇಳಿತ. ಎರಡರ ನಡುವಿನ ಗಡಿ R = 2√(L/C). ಲೈಡನ್ ಜಾಡಿಯ ವಿಸರ್ಜನೆಯನ್ನು ವಿವರಿಸುತ್ತಾ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, 1853ರಲ್ಲೇ ಈ ಗಡಿಯನ್ನು ಕಂಡುಕೊಂಡಿದ್ದರು. ನಮ್ಮ ಸರ್ಕ್ಯೂಟಿನಲ್ಲಿ ಅದು 200 ಓಮ್.

ಮೊದಲು ಒಟ್ಟು ರೋಧ 20 ಓಮ್ ಇರಲಿ. ಇದು ಅಂಡರ್‌ಡ್ಯಾಂಪ್ಡ್. ಕೆಪಾಸಿಟರ್ ಖಾಲಿಯಾಗುವ ಹೊತ್ತಿಗೆ ಇಂಡಕ್ಟರಿನಲ್ಲಿ ಕರೆಂಟ್ ಜೋರಾಗಿರುತ್ತದೆ, ತಟ್ಟನೆ ನಿಲ್ಲಲಾರದು. ಅದು ಕೆಪಾಸಿಟರನ್ನು ಉಲ್ಟಾ ಚಾರ್ಜ್ ಮಾಡುತ್ತದೆ, ಮತ್ತೆ ಅದೇ ಆಟ ಹಿಂದಕ್ಕೆ. ಕರೆಂಟಿನ ಗರಿಷ್ಠ ಮೌಲ್ಯ ಸುಮಾರು 86 ಮಿಲಿಆಂಪಿಯರ್. ಇಷ್ಟು ಕರೆಂಟ್ ಇದ್ದರೂ ರೋಧ ಚಿಕ್ಕದು, ಹಾಗಾಗಿ ಶಾಖವಾಗಿ ಹೋಗುವ ಶಕ್ತಿಯ ದರ ಹೆಚ್ಚೆಂದರೆ 0.15 ವ್ಯಾಟ್. ಒಂದೊಂದು ಸುತ್ತಿಗೆ 0.63 ಮಿಲಿಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ ಏರಿಳಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಅದು ಶೇ. 1ಕ್ಕೆ ಕುಗ್ಗಲು ಸುಮಾರು 4.6 ಮಿಲಿಸೆಕೆಂಡ್ ಬೇಕು.

ಈಗ ಒಮ್ಮೆಗೇ 1000 ಓಮ್‌ಗೆ ಹೋಗಿ. ಇದು ಓವರ್‌ಡ್ಯಾಂಪ್ಡ್. ಕರೆಂಟ್ 10 ಮಿಲಿಆಂಪಿಯರನ್ನೂ ಮುಟ್ಟುವುದಿಲ್ಲ. ಶಾಖದ ದರದ ಗರಿಷ್ಠ ಮಟ್ಟ 0.1 ವ್ಯಾಟ್‌ಗೂ ಕಡಿಮೆ, ಅಂದರೆ 20 ಓಮ್‌ನಲ್ಲಿ ಇದ್ದದ್ದಕ್ಕಿಂತಲೂ ಕಡಿಮೆ! ತುಂಬಿದ ತೊಟ್ಟಿಗೆ ಸಣ್ಣ ನಲ್ಲಿ ಹಾಕಿದಂತೆ: ನೀರು ಅಲುಗದೆ ಇಳಿಯುತ್ತದೆ, ಆದರೆ ಇಳಿಯುತ್ತಲೇ ಇರುತ್ತದೆ. ಇಲ್ಲಿ ಎರಡು ಕಾಲಮಾನಗಳು ಬೇರೆಬೇರೆಯಾಗಿ ಕೆಲಸ ಮಾಡುತ್ತವೆ. ಇಂಡಕ್ಟರಿನಲ್ಲಿ ಕರೆಂಟ್ ಏರುವುದು L/R ಲೆಕ್ಕದಲ್ಲಿ, 10 ಮೈಕ್ರೋಸೆಕೆಂಡಿನ ಆಸುಪಾಸಿನಲ್ಲಿ. ಆಮೇಲೆ ಇಂಡಕ್ಟರ್ ಇದ್ದರೂ ಇಲ್ಲದಂತೆ. ಕೆಪಾಸಿಟರ್ RC ಲೆಕ್ಕದಲ್ಲಿ, ಅಂದರೆ 1 ಮಿಲಿಸೆಕೆಂಡಿನ ಕಾಲಮಾನದಲ್ಲಿ ಖಾಲಿಯಾಗುತ್ತದೆ. ಶೇ. 1ಕ್ಕೆ ಇಳಿಯಲು ಹಿಡಿಯುವ ಸಮಯ? ಮತ್ತೆ ಸುಮಾರು 4.6 ಮಿಲಿಸೆಕೆಂಡ್. ರೋಧ ಐವತ್ತು ಪಟ್ಟು ಹೆಚ್ಚಾದರೂ ಕಾಯುವ ಸಮಯ ಮಾತ್ರ ಬದಲಾಗಲಿಲ್ಲ.

ನಡುವಿನ 200 ಓಮ್‌ನಲ್ಲಿ ಕರೆಂಟ್ 37 ಮಿಲಿಆಂಪಿಯರ್‌ವರೆಗೆ ಏರುತ್ತದೆ, ಶಾಖದ ದರ 0.27 ವ್ಯಾಟ್ ದಾಟುತ್ತದೆ. ಮೂರರಲ್ಲಿ ಇದೇ ಹೆಚ್ಚು. ಕೆಪಾಸಿಟರಿನ ವೋಲ್ಟೇಜ್ 0.66 ಮಿಲಿಸೆಕೆಂಡಿನಲ್ಲಿ ಶೇ. 1ಕ್ಕೆ ಇಳಿಯುತ್ತದೆ, ಒಮ್ಮೆಯೂ ಸೊನ್ನೆಯನ್ನು ದಾಟುವುದಿಲ್ಲ. ರೋಧ ಕಡಿಮೆಯಿದ್ದಾಗ ಕಾಲಮಾನ 2L/R, ಅದು R ಏರಿದಂತೆ ಇಳಿಯುತ್ತದೆ. ರೋಧ ಬಹಳ ಹೆಚ್ಚಿದ್ದಾಗ RC, ಅದು R ಜೊತೆ ಏರುತ್ತದೆ. ಇಳಿಯುವುದು ನಿಂತು ಏರುವುದು ಶುರುವಾಗುವ ಜಾಗವೇ ಕ್ರಿಟಿಕಲ್.

ಹಾಗಂತ ಕ್ರಿಟಿಕಲ್ ಎಂದರೆ ಎಲ್ಲ ಅರ್ಥದಲ್ಲೂ ಅತ್ಯಂತ ವೇಗ ಎಂದು ಬರೆದಿಟ್ಟುಕೊಳ್ಳಬೇಡಿ. ಪಾಠಗಳಲ್ಲಿ ಈ ಮಾತನ್ನು ಷರತ್ತಿಲ್ಲದೆ ಹೇಳಿಬಿಡುತ್ತಾರೆ. ಗುರಿಯನ್ನು ಮೀರಿ ಆಚೆ ಹೋಗಲೇಬಾರದು ಎಂಬ ಷರತ್ತಿದ್ದರೆ ಮಾತ್ರ ಅದು ನಿಜ. ಶೇ. 5ರಷ್ಟು ಆಚೀಚೆ ಇದ್ದರೂ ಪರವಾಗಿಲ್ಲ ಎಂದುಕೊಳ್ಳಿ. ಆಗ 140 ಓಮ್ ಹಾಕಿದರೆ ವೋಲ್ಟೇಜ್ ಸುಮಾರು 0.29 ಮಿಲಿಸೆಕೆಂಡಿಗೆ ಆ ಪಟ್ಟಿಯೊಳಗೆ ಬಂದುಬಿಡುತ್ತದೆ. ಸೊನ್ನೆಯನ್ನು ದಾಟಿ ಹೋಗುವುದು ಶೇ. 4.6 ಮಾತ್ರ, ಹಾಗಾಗಿ ಪಟ್ಟಿಯಿಂದ ಹೊರಬೀಳುವುದಿಲ್ಲ. 200 ಓಮ್‌ನಲ್ಲಿ ಇದೇ ಕೆಲಸಕ್ಕೆ 0.47 ಮಿಲಿಸೆಕೆಂಡ್ ಬೇಕು.

ಇನ್ನು ನಿಮ್ಮ ಲ್ಯಾಬ್ ಪ್ರಶ್ನೆ. ಅಲ್ಲಿ ಕರೆಂಟಿನ ವಿಚಾರಕ್ಕಿಂತ ಬೇರೆ ಎರಡು ಕಾರಣಗಳಿವೆ, ಎರಡೂ ಉತ್ತರವನ್ನು ಕೆಳಕ್ಕೇ ಎಳೆಯುತ್ತವೆ. ಮೊದಲನೆಯದು, ಸೂತ್ರದಲ್ಲಿರುವ R ಇಡೀ ಸುತ್ತಿನ ರೋಧ, ನೀವು ಬ್ರೆಡ್‌ಬೋರ್ಡ್‌ಗೆ ಚುಚ್ಚಿದ ರೆಸಿಸ್ಟರ್ ಒಂದೇ ಅಲ್ಲ. ಸ್ಕ್ವೇರ್ ವೇವ್ ಕೊಡುವ ಫಂಕ್ಷನ್ ಜನರೇಟರ್‌ಗೆ ಸಾಮಾನ್ಯವಾಗಿ 50 ಓಮ್ ಒಳರೋಧ ಇರುತ್ತದೆ. ಇಂಡಕ್ಟರಿನ ತಂತಿಗೂ ತನ್ನದೇ ರೋಧ ಇದೆ. ಅದು 30 ಓಮ್ ಎಂದಿಟ್ಟುಕೊಂಡರೆ, ನೀವು ಏನೂ ಹಾಕುವ ಮೊದಲೇ ಸುತ್ತಿನಲ್ಲಿ 80 ಓಮ್ ಕೂತಿದೆ. 120 ಓಮ್‌ಗೇ ಕ್ರಿಟಿಕಲ್ ಬಂದರೆ ಆಶ್ಚರ್ಯವಿಲ್ಲ. ಮೇಲೆ ಹೇಳಿದ 20 ಓಮ್‌ನ ದೀರ್ಘ ಆಂದೋಲನ ಇಂಥ ಜೋಡಣೆಯಲ್ಲಿ ಕಾಣಿಸುವುದೇ ಇಲ್ಲ.

ಎರಡನೆಯ ಕಾರಣ ನಮ್ಮ ಕಣ್ಣು. ಪೊಟೆನ್ಶಿಯೋಮೀಟರ್ ತಿರುಗಿಸುತ್ತಾ, ಆಸಿಲೋಸ್ಕೋಪ್ ಪರದೆಯಲ್ಲಿ ಗುರಿ ದಾಟುವ ಉಬ್ಬು ಮಾಯವಾದಾಗ ನಿಲ್ಲಿಸುತ್ತೇವೆ. ಆದರೆ ಒಟ್ಟು ರೋಧ 160 ಓಮ್ ಆದಾಗಲೇ ಆ ಉಬ್ಬು ಶೇ. 1.5ಕ್ಕೆ ಇಳಿದಿರುತ್ತದೆ, 180ರಲ್ಲಿ ಶೇ. 0.15. ಪರದೆಯ ಗೆರೆಯ ದಪ್ಪದಲ್ಲೇ ಅದು ಮುಚ್ಚಿಹೋಗುತ್ತದೆ. ಹಾಗಾಗಿ ಕಣ್ಣಿನಿಂದ ಹುಡುಕಿದ ಕ್ರಿಟಿಕಲ್ ಯಾವಾಗಲೂ ನಿಜವಾದ ಗಡಿಗಿಂತ ಈಚೆಗೇ ಸಿಗುತ್ತದೆ. ಗಡಿಯ ಈ ಕಡೆ, ಆ ಕಡೆಯ ವಕ್ರರೇಖೆಗಳು ನೋಡಲು ಒಂದೇ ಥರ ಇರುತ್ತವೆ ಎಂಬುದೇ ಇದರ ತೊಡಕು.

ಮುಂದಿನ ಸಲ ಹೀಗೆ ಮಾಡಿ. ಇಂಡಕ್ಟರಿನ ರೋಧವನ್ನು ಮಲ್ಟಿಮೀಟರ್‌ನಲ್ಲಿ ಅಳೆದು, ಜನರೇಟರಿನ 50 ಓಮ್ ಸೇರಿಸಿ, 2√(L/C)ಯಿಂದ ಕಳೆದು ಉಳಿದದ್ದನ್ನು ಹಾಕಿ. ಸ್ಕೋಪಿನ ಗ್ರೌಂಡ್ ಕ್ಲಿಪ್ ಮತ್ತು ಜನರೇಟರಿನ ಗ್ರೌಂಡ್ ಒಂದೇ ಆಗಿರುವುದರಿಂದ ಕೆಪಾಸಿಟರನ್ನು ಗ್ರೌಂಡ್ ತುದಿಯಲ್ಲೇ ಇಡಿ. ಮಧ್ಯದಲ್ಲಿಟ್ಟು ಕ್ಲಿಪ್ ಸಿಕ್ಕಿಸಿದರೆ ಸರ್ಕ್ಯೂಟಿನ ಒಂದು ಭಾಗ ಶಾರ್ಟ್ ಆಗುತ್ತದೆ. ಸ್ಕ್ವೇರ್ ವೇವ್ 100 ಹರ್ಟ್ಸ್‌ಗಿಂತ ಹೆಚ್ಚಿರದಿರಲಿ, ಇಲ್ಲದಿದ್ದರೆ 1000 ಓಮ್‌ನ ನಿಧಾನದ ಇಳಿತ ಮುಗಿಯುವ ಮೊದಲೇ ಮುಂದಿನ ಏರಿಕೆ ಶುರುವಾಗುತ್ತದೆ. ಬಳಸಿದ ರೆಸಿಸ್ಟರಿನ ಬೆಲೆಯ ಜೊತೆಗೆ ಸುತ್ತಿನ ಒಟ್ಟು ರೋಧವನ್ನೂ ರೆಕಾರ್ಡ್ ಪುಸ್ತಕದಲ್ಲಿ ಬೇರೆ ಕಾಲಂ ಮಾಡಿ ಬರೆಯಿರಿ.